ಚಾಟ್ ಉದ್ದವಾದಷ್ಟೂ ಮೊದಲು ಹೇಳಿದ್ದು ಯಾಕೆ ತಪ್ಪಿಹೋಗುತ್ತದೆ?

ಚಾಟ್‌ಬಾಟ್ ಜೊತೆ ಒಂದೇ ವಿಷಯವನ್ನು ವಾರಗಟ್ಟಲೆ ಮಾತಾಡಿದವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ. ಮೊದಮೊದಲು ಎಲ್ಲ ಸರಿಯಿರುತ್ತದೆ. ಬರಬರುತ್ತಾ ಹೇಳಿದ್ದು ಕೈತಪ್ಪುತ್ತದೆ. ಬೇಡ ಅಂದದ್ದೇ ಮತ್ತೆ ಬರುತ್ತದೆ, ಬದಲಾಯಿಸಿದ ಅಂಕಿಯ ಜಾಗದಲ್ಲಿ ಹಳೇ ಅಂಕಿ ಕೂತಿರುತ್ತದೆ. ಇನ್ನೊಂದು ಕಡೆ ಕಂಪನಿಗಳು ‘ನಮ್ಮ ಕಾಂಟೆಕ್ಸ್ಟ್ ವಿಂಡೋ, ಅಂದರೆ ಒಂದು ಸಲಕ್ಕೆ ಓದಬಲ್ಲ ಪಠ್ಯದ ಮಿತಿ, ಇನ್ನೂ ದೊಡ್ಡದಾಯಿತು’ ಎಂದು ಹೇಳುತ್ತಲೇ ಇವೆ. ಎರಡೂ ನಿಜ. ಹೇಗೆ ಅಂತ ನೋಡಲು ಒಂದು ಮನೆಯ ಪ್ಲಾನ್ ತಗೊಳ್ಳೋಣ.

ಕೆಂಗೇರಿ ಹತ್ತಿರ ನನ್ನ ಸ್ನೇಹಿತರೊಬ್ಬರದು 30x40 ಸೈಟ್. ಪೂರ್ವಕ್ಕೆ ರಸ್ತೆ. ಕೆಳಗೆ ತಾವಿರುವುದು, ಮೇಲಿನದನ್ನು ಬಾಡಿಗೆಗೆ ಕೊಡುವುದು ಅಂತ ಲೆಕ್ಕ. ಪ್ಲಾನ್, ಕಾಂಟ್ರಾಕ್ಟರ್ ಕೊಟೇಶನ್, ಟೈಲ್ಸ್, ಸಂಪ್, ಎಲ್ಲವನ್ನೂ ಒಂದೇ ಚಾಟ್‌ನಲ್ಲಿ, ಕನ್ನಡದಲ್ಲೇ ಮಾತಾಡುತ್ತಾ ಹೋದರು. ಮೊದಲ ಸಂದೇಶದಲ್ಲೇ ಸ್ಪಷ್ಟವಾಗಿ ಬರೆದಿದ್ದರು: ಮೇಲಿನ ಮನೆ ಬಾಡಿಗೆಗೆ, ಹಾಗಾಗಿ ಮೆಟ್ಟಿಲು ಹೊರಗಡೆಯಿಂದಲೇ ಇರಬೇಕು, ಬೆಸ್ಕಾಂ ಮೀಟರ್ ಎರಡು ಬೇಕು, ಸಂಪ್ 8,000 ಲೀಟರ್. ಮಧ್ಯದಲ್ಲೆಲ್ಲೋ ಮೇಸ್ತ್ರಿ ಮಾತು ಕೇಳಿ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಒಂದೇ ಸಲಕ್ಕೆ ಇಳಿಸಿಕೊಳ್ಳಬಹುದು ಎಂದು ಸಂಪ್ ಅನ್ನು 12,000 ಲೀಟರ್ ಮಾಡಿದರು. ಅದನ್ನೂ ಚಾಟ್‌ನಲ್ಲಿ ಹೇಳಿದರು.

ಮೂರನೇ ವಾರದ ಹೊತ್ತಿಗೆ ಎರಡು ತಪ್ಪು ಬಂದವು. ಕೆಳಮನೆಯ ರೂಮುಗಳ ಜೋಡಣೆ ಬರೆಸಿದಾಗ ಮೆಟ್ಟಿಲು ಹಾಲ್ ಒಳಗೆ ಬಂದು ಕೂತಿತ್ತು. ಅಂದರೆ ಬಾಡಿಗೆಯವರು ಇವರ ಸೋಫಾ ಪಕ್ಕದಿಂದ ಹತ್ತಿ ಇಳಿಯಬೇಕು! ಖರ್ಚಿನ ಪಟ್ಟಿಯಲ್ಲಿ ಸಂಪ್ ಮತ್ತೆ 8,000 ಲೀಟರ್ ಆಗಿತ್ತು. ಇವರಿಗೆ ಎರಡೂ ಒಂದೇ ಥರದ ಮರೆವು ಅನಿಸಿತು. ಆದರೆ ಎರಡರ ಕಾರಣ ಬೇರೆ ಬೇರೆ.

ಪ್ರತಿ ಸಲವೂ ಮೊದಲಿನಿಂದ

ಚಾಟ್‌ಬಾಟ್ ಹಿಂದೆ ಕೂತು ಉತ್ತರ ಬರೆಯುವ ಭಾಷಾ ಮಾದರಿಗೆ ನಿಮ್ಮ ಚಾಟ್ ನೆನಪಿರುವುದಿಲ್ಲ. ಒಂದು ಉತ್ತರ ಬರೆದು ಮುಗಿಸಿದ ಮೇಲೆ ಅದರ ಪಾಲಿಗೆ ನೀವು ಯಾರೋ, ಅದು ಯಾರೋ. ನೀವು ಮುಂದಿನ ಸಾಲು ಟೈಪ್ ಮಾಡಿ ಕಳಿಸಿದಾಗ ಆ್ಯಪ್ ಆ ಸಾಲನ್ನಷ್ಟೇ ಕಳಿಸುವುದಿಲ್ಲ. ಮೊದಲ ಸಂದೇಶದಿಂದ ಹಿಡಿದು ಈವರೆಗಿನ ನಿಮ್ಮ ಮಾತು, ಅದರ ಉತ್ತರ, ಮಧ್ಯೆ ಹಾಕಿದ ಫೈಲ್, ಎಲ್ಲವನ್ನೂ ಒಟ್ಟು ಸೇರಿಸಿ ಮತ್ತೆ ಕಳಿಸುತ್ತದೆ. ಹೊಸ ಗುಮಾಸ್ತ ದಿನಾ ಬಂದು ಇಡೀ ಫೈಲನ್ನು ಮೊದಲ ಹಾಳೆಯಿಂದ ಓದಿ, ಕೊನೆಯ ಅರ್ಜಿಗೆ ಒಂದು ಟಿಪ್ಪಣಿ ಬರೆದು ಎದ್ದು ಹೋದ ಹಾಗೆ. ನಮಗೆ ‘ಸಂಭಾಷಣೆ’ ಅನಿಸುವುದು ಈ ಮರುಓದಿನಿಂದ.

ಒಂದು ಸಲಕ್ಕೆ ಎಷ್ಟು ಓದಬಹುದು ಎಂಬುದಕ್ಕೆ ಮಿತಿ ಇದೆ. ಆ ಮಿತಿಯೇ ಕಾಂಟೆಕ್ಸ್ಟ್ ವಿಂಡೋ. ಅದನ್ನು ಅಳೆಯುವುದು ಟೋಕನ್ ಎಂಬ ಪಠ್ಯದ ಚಿಕ್ಕ ತುಂಡುಗಳ ಲೆಕ್ಕದಲ್ಲಿ. 2020ರಲ್ಲಿ ಬಂದ, ಓಪನ್‌ಎಐ ಕಂಪನಿಯ ಜಿಪಿಟಿ-3ರದ್ದು 2,048 ಟೋಕನ್. 2023ರ ಮಾರ್ಚ್‌ನಲ್ಲಿ ಬಂದ ಜಿಪಿಟಿ-4ರ ಸಾಮಾನ್ಯ ಆವೃತ್ತಿಯದ್ದು 8,192. ಅದೇ ನವೆಂಬರ್‌ನಲ್ಲಿ ಜಿಪಿಟಿ-4 ಟರ್ಬೊ 1,28,000ಕ್ಕೆ ಹೋಯಿತು. 2024ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಜೆಮಿನಿ 1.5 ಪ್ರೊಗೆ 10 ಲಕ್ಷ ಟೋಕನ್ ಎಂದು ಘೋಷಿಸಿತು. ನಾಲ್ಕು ವರ್ಷದಲ್ಲಿ ಸುಮಾರು ಐನೂರು ಪಟ್ಟು.

ಆದರೆ ಇದು ಮಾದರಿಯ ಮಿತಿ. ನೀವು ಬಳಸುವ ಆ್ಯಪ್ ಅಷ್ಟನ್ನೂ ಕೊಡಬೇಕು ಅಂತೇನಿಲ್ಲ. ಉದ್ದ ಜಾಸ್ತಿಯಾದಷ್ಟೂ ಕಂಪನಿಗೆ ಖರ್ಚು ಜಾಸ್ತಿ. ಹಾಗಾಗಿ ಆ್ಯಪ್‌ನಲ್ಲಿ, ಅದರಲ್ಲೂ ಉಚಿತ ಖಾತೆಯಲ್ಲಿ, ಸಿಗುವುದು ಜಾಹೀರಾತಿನ ಅಂಕಿಗಿಂತ ಕಡಿಮೆ ಇರಬಹುದು. ಇದಲ್ಲದೆ ನಿಮ್ಮ ಕಣ್ಣಿಗೆ ಕಾಣದ ಒಂದಿಷ್ಟು ಪಠ್ಯವೂ ಅದೇ ಜಾಗ ಹಂಚಿಕೊಳ್ಳುತ್ತದೆ: ಕಂಪನಿ ಮೊದಲೇ ಹಾಕಿಟ್ಟ ಸೂಚನೆಗಳು, ಹುಡುಕಾಟದಲ್ಲಿ ಸಿಕ್ಕ ವೆಬ್ ಪುಟಗಳು. ಬರೆಯಬೇಕಾದ ಉತ್ತರಕ್ಕೂ ಅದರಲ್ಲೇ ಜಾಗ ಬೇಕು.

ಕನ್ನಡಕ್ಕೆ ಜಾಗ ಜಾಸ್ತಿ ಬೇಕು

ಟೋಕನ್ ಅಂದರೆ ಪದವಲ್ಲ, ಪದದ ತುಂಡು. ಯಾವ ತುಂಡು ಅಂತ ತೀರ್ಮಾನಿಸುವುದು ಟೋಕನೈಸರ್ ಎಂಬ ಭಾಗ. ಅದನ್ನು ಕಟ್ಟುವಾಗ ಇಂಗ್ಲಿಷ್ ಪಠ್ಯವೇ ಹೆಚ್ಚಿದ್ದರೆ ಇಂಗ್ಲಿಷ್ ಪದಗಳು ಇಡಿಯಾಗಿ ಒಂದೊಂದು ಟೋಕನ್ ಆಗುತ್ತವೆ. ಉಳಿದ ಭಾಷೆಗಳು ಚೂರುಚೂರಾಗುತ್ತವೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಕಾಗುಣಿತದ ಗುರುತು, ಒತ್ತಕ್ಷರ ಕಟ್ಟುವ ಗುರುತು, ಅನುಸ್ವಾರ, ಎಲ್ಲವೂ ಬೇರೆ ಬೇರೆ ಚಿಹ್ನೆ ಎಂದೇ ಲೆಕ್ಕ. ‘ಮೆಟ್ಟಿಲು’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಒಳಗೆ ಅದು 8 ಚಿಹ್ನೆ, 24 ಬೈಟ್. ಬೈಟ್‌ಗಳಿಂದ ತುಂಡು ಕಟ್ಟುವ ಹಳೇ ಟೋಕನೈಸರ್‌ಗಳಲ್ಲಿ ಇಂಥ ಒಂದು ಪದಕ್ಕೇ ಹಲವಾರು ಟೋಕನ್ ಖರ್ಚಾಗುತ್ತಿತ್ತು.

ಈಗ ಪರಿಸ್ಥಿತಿ ಸುಧಾರಿಸಿದೆ. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ ಓಪನ್‌ಎಐ ಹೊಸ ಟೋಕನೈಸರ್ ತಂದಿತು. ತಾನು ಕೊಟ್ಟ ಉದಾಹರಣೆ ವಾಕ್ಯದಲ್ಲಿ ತೆಲುಗಿಗೆ ಮೊದಲಿಗಿಂತ 3.5 ಪಟ್ಟು, ತಮಿಳಿಗೆ 3.3 ಪಟ್ಟು ಕಡಿಮೆ ಟೋಕನ್ ಸಾಕಾಯಿತು ಎಂದು ಅದು ತೋರಿಸಿತ್ತು. ಬೆಂಗಳೂರಿನದೇ ಕಂಪನಿ ಸರ್ವಂ ಎಐ 2024ರ ಅಕ್ಟೋಬರ್‌ನಲ್ಲಿ ಬಿಟ್ಟ ಸರ್ವಂ-1 ಮಾದರಿಯ ಟೋಕನೈಸರ್ ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳಿಗೆ ಪದಕ್ಕೆ 1.4ರಿಂದ 2.1 ಟೋಕನ್ ಬಳಸುತ್ತದೆ ಎಂಬುದು ಆ ಕಂಪನಿಯ ಲೆಕ್ಕ. ಬೇರೆ ಮಾದರಿಗಳಲ್ಲಿ ಇದು 4ರಿಂದ 8ರವರೆಗೆ ಇತ್ತು ಎಂದೂ ಅದು ಹೇಳಿತ್ತು.

ಮನೆಯ ಚಾಟ್‌ಗೆ ಈ ಲೆಕ್ಕ ಹಾಕಿ ನೋಡೋಣ. ಒಂದು ಸುತ್ತಿನಲ್ಲಿ ಸ್ನೇಹಿತರು ಸುಮಾರು 60 ಪದ ಬರೆಯುತ್ತಾರೆ, ಉತ್ತರ 300 ಪದ ಬರುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 360 ಪದ. ಪದಕ್ಕೆ 4 ಟೋಕನ್ ಆದರೆ ಒಂದು ಸುತ್ತಿಗೆ 1,440 ಟೋಕನ್. ಆ್ಯಪ್ ಕೊಡುವ ವಿಂಡೋ 32,000 ಇದ್ದರೆ 22 ಸುತ್ತಿಗೆ ತುಂಬಿತು. ಪದಕ್ಕೆ 2 ಟೋಕನ್ ಸಾಕು ಅನ್ನುವ ಮಾದರಿಯಾದರೆ 44 ಸುತ್ತು. ಇದರ ಮಧ್ಯೆ ಎರಡು ಕಾಂಟ್ರಾಕ್ಟರ್‌ಗಳ ಕೊಟೇಶನ್ ಪಿಡಿಎಫ್ ಹಾಕಿದರೆ ಲೆಕ್ಕ ತಲೆಕೆಳಗು. ಚದರಕ್ಕೆ ಇಷ್ಟು, ಕಬ್ಬಿಣ ಇಷ್ಟು ಟನ್, ಸಿಮೆಂಟ್ ಇಷ್ಟು ಮೂಟೆ ಎಂಬ ಅಂಕಿಗಳ ಕೋಷ್ಟಕ ಟೋಕನ್‌ಗಳನ್ನು ಚೆನ್ನಾಗಿ ನುಂಗುತ್ತದೆ. ನಾಲ್ಕಾರು ಪುಟದ ಎರಡು ಕೊಟೇಶನ್ ಸೇರಿ ಏಳೆಂಟು ಸುತ್ತಿನಷ್ಟು ಜಾಗ ತಿಂದರೆ ಆಶ್ಚರ್ಯವಿಲ್ಲ.

ಇಲ್ಲಿ ಇನ್ನೊಂದು ಗಮನಿಸಿ. 360 ಪದದಲ್ಲಿ 300 ಅದರದ್ದು. ವಿಂಡೋ ತುಂಬುವುದು ನಾವು ಹೇಳಿದ್ದರಿಂದಲ್ಲ, ಅದು ಕೊಟ್ಟ ಉದ್ದುದ್ದ ಉತ್ತರಗಳಿಂದ. ಪ್ರತಿ ಸಲ ಇಡೀ ಖರ್ಚಿನ ಪಟ್ಟಿಯನ್ನು ಹೊಸದಾಗಿ ಬರೆಸುವ ಅಭ್ಯಾಸ ಇದ್ದರಂತೂ ಕೇಳುವುದೇ ಬೇಡ.

ಜಾಗ ತುಂಬಿದ ಮೇಲೆ

ತುಂಬಿದಾಗ ಆ್ಯಪ್‌ಗಳು ಒಂದೊಂದು ಥರ ಮಾಡುತ್ತವೆ. ಕೆಲವು ‘ಈ ಚಾಟ್ ಮಿತಿ ಮುಟ್ಟಿದೆ, ಹೊಸದು ಶುರು ಮಾಡಿ’ ಎಂದು ನಿಲ್ಲಿಸಿಬಿಡುತ್ತವೆ. ಕಿರಿಕಿರಿಯಾದರೂ ಇದೇ ಪ್ರಾಮಾಣಿಕ ದಾರಿ ಅನ್ನುವುದು ನನ್ನ ಅಭಿಪ್ರಾಯ. ಕೆಲವು ಸದ್ದಿಲ್ಲದೆ ಹಳೆಯ ಸಂದೇಶಗಳನ್ನು ಮೊದಲಿನಿಂದ ಕತ್ತರಿಸುತ್ತಾ ಬರುತ್ತವೆ. ಸ್ಕ್ರೀನ್ ಮೇಲೆ ಸ್ಕ್ರೋಲ್ ಮಾಡಿದರೆ ಮೊದಲ ಸಂದೇಶ ನಿಮಗೆ ಕಾಣುತ್ತದೆ, ಮಾದರಿಗೆ ಮಾತ್ರ ಅದು ಹೋಗುತ್ತಿಲ್ಲ. ಮೋಸ ಹೋಗುವುದು ಇಲ್ಲೇ.

ಇತ್ತೀಚೆಗೆ ಹೆಚ್ಚಾಗಿ ಕಾಣುವುದು ಮೂರನೆಯ ದಾರಿ. ಹಳೇ ಭಾಗವನ್ನು ಸಾರಾಂಶ ಮಾಡಿ, ಮೂಲದ ಬದಲು ಆ ಸಾರಾಂಶವನ್ನು ಇಡುವುದು. ಕತ್ತರಿಸುವುದಕ್ಕಿಂತ ಇದು ವಾಸಿ. ಆದರೆ ಸಾರಾಂಶದಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ ಅನ್ನುವುದಕ್ಕೆ ಒಂದು ಲಕ್ಷಣ ಇದೆ. ಸಾಮಾನ್ಯವಾಗಿ ವಿಷಯ ಉಳಿಯುತ್ತದೆ, ಷರತ್ತು ಹೋಗುತ್ತದೆ. ‘ಬೇಕು’ ಉಳಿಯುತ್ತದೆ, ‘ಬೇಡ’ ಹೋಗುತ್ತದೆ. ‘ಮೇಲಿನ ಮನೆ ಬಾಡಿಗೆಗೆ, ಹಾಗಾಗಿ ಮೆಟ್ಟಿಲು ಹೊರಗೆ’ ಎಂಬ ಮಾತು ‘30x40 ಸೈಟಿನಲ್ಲಿ ಎರಡು ಮಹಡಿಯ ಮನೆ, ಪೂರ್ವ ದಿಕ್ಕು’ ಆಗಿಬಿಡುತ್ತದೆ. ಸಾರಾಂಶ ತಪ್ಪೇನಲ್ಲ. ಆದರೆ ಎರಡು ಮಹಡಿಯ ಮನೆ ಅಂದ ತಕ್ಷಣ ಮೆಟ್ಟಿಲು ಹಾಲ್‌ನೊಳಗೆ ಬರುವುದು ಸಹಜ. ಡ್ಯೂಪ್ಲೆಕ್ಸ್ ಮನೆಗಳ ಲಕ್ಷಾಂತರ ವಿವರಣೆಗಳನ್ನು ಓದಿ ಕಲಿತ ಮಾದರಿ ಖಾಲಿ ಬಿಟ್ಟ ಜಾಗವನ್ನು ವಾಡಿಕೆಯಿಂದ ತುಂಬುತ್ತದೆ.

ಹೀಗಾಗಿದೆಯಾ ಅಂತ ತಿಳಿಯುವುದು ಹೇಗೆ? ‘ಮೆಟ್ಟಿಲು ಎಲ್ಲಿರಬೇಕು ಅಂತ ಹೇಳಿದ್ದೆ?’ ಎಂದು ಕೇಳಿದರೆ ಪ್ರಯೋಜನವಿಲ್ಲ. ಪ್ರಶ್ನೆಯಲ್ಲೇ ಸುಳಿವಿದೆ, ಅಂದಾಜಿನಲ್ಲಿ ಏನೋ ಒಂದು ಹೇಳಿಬಿಡುತ್ತದೆ. ಅದರ ಬದಲು ಈ ಚಾಟ್‌ನ ನನ್ನ ಮೊದಲ ಸಂದೇಶವನ್ನು ಒಂದಕ್ಷರ ಬದಲಿಸದೆ ಪೂರ್ತಿ ಬರೆ ಎಂದು ಹೇಳಿ, ಬಂದದ್ದನ್ನು ಮೇಲೆ ಸ್ಕ್ರೋಲ್ ಮಾಡಿ ಹೋಲಿಸಿ. ಅಕ್ಷರಶಃ ಬಂದರೆ ಆ ಸಂದೇಶ ವಿಂಡೋದಲ್ಲಿ ಇದೆ ಅಂತ ಅರ್ಥ. ಭಾವಾರ್ಥ ಮಾತ್ರ ಬಂದರೆ, ಅಥವಾ ಎರಡನೇ ವಾರದ ಸಂದೇಶವನ್ನೇ ಮೊದಲನೆಯದು ಎಂದು ಕೊಟ್ಟರೆ, ಮೂಲ ಹೋಗಿದೆ ಎಂದು ತಿಳಿಯಿರಿ. ಸ್ನೇಹಿತರ ಚಾಟ್‌ನಲ್ಲಿ ಭಾವಾರ್ಥವೇ ಬಂತು. ಬೆಸ್ಕಾಂ ಮೀಟರ್ ಎರಡು ಎಂಬುದೂ ಅದರಲ್ಲಿ ಇರಲಿಲ್ಲ. ಅಂದರೆ ಮೆಟ್ಟಿಲಿನ ಜೊತೆ ಇನ್ನೂ ಒಂದು ಷರತ್ತು ಉದುರಿತ್ತು, ಇವರು ಅದನ್ನು ಗಮನಿಸಿಯೇ ಇರಲಿಲ್ಲ.

ಕಣ್ಣೆದುರಿದ್ದೂ ತಪ್ಪುವುದು

ಸಂಪ್ ಕತೆ ಬೇರೆ. 12,000 ಲೀಟರ್ ಮಾಡಿ ಎಂದ ಸಂದೇಶವನ್ನು ಹೀಗೇ ಬರೆಸಿ ನೋಡಿದಾಗ ಅದು ಅಕ್ಷರಶಃ ಬಂತು. ಅಂದರೆ ವಿಂಡೋದಲ್ಲೇ ಇತ್ತು. ಆದರೂ ಪಟ್ಟಿಯಲ್ಲಿ 8,000.

ಮಾದರಿ ಓದುವ ರೀತಿ ಗೊತ್ತಿದ್ದರೆ ಇದು ವಿಚಿತ್ರ ಅನಿಸುವುದಿಲ್ಲ. ಇಂಥ ಮಾದರಿಗಳಿಗೆ ತಳಹದಿಯಾದ, 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ವಿನ್ಯಾಸದಲ್ಲಿ ಮುಖ್ಯ ಕೆಲಸ ಮಾಡುವುದು ಅಟೆನ್ಷನ್. ಮುಂದಿನ ಟೋಕನ್ ಬರೆಯುವ ಮೊದಲು ಮಾದರಿ ಹಿಂದಿನ ಪ್ರತಿ ಟೋಕನ್‌ಗೂ ಒಂದೊಂದು ತೂಕ ಕೊಡುತ್ತದೆ. ಅಟೆನ್ಷನ್‌ನ ಪ್ರತಿ ಲೆಕ್ಕದಲ್ಲೂ ಎಲ್ಲ ತೂಕ ಕೂಡಿದರೆ 1. ಹಿಂದೆ 500 ಟೋಕನ್ ಇದ್ದರೂ ಅದೇ 1, 50,000 ಇದ್ದರೂ ಅದೇ 1. ಹಂಚಿಕೊಳ್ಳುವವರು ಜಾಸ್ತಿಯಾದ ಹಾಗೆ ಒಂದು ಸಾಲಿಗೆ ಸರಿಯಾದ ಪಾಲು ಸಿಗುವುದು ಕಷ್ಟವಾಗುತ್ತದೆ. ಅದರಲ್ಲೂ ಅದೇ ಥರ ಕಾಣುವ ಬೇರೆ ಸಾಲುಗಳಿದ್ದರೆ ಪೈಪೋಟಿ ಹೆಚ್ಚು.

ಸಂಪ್ ವಿಷಯದಲ್ಲಿ ಆದದ್ದು ಇದೇ. 8,000 ಲೀಟರ್ ಎಂಬುದು ಸ್ನೇಹಿತರ ಒಂದೇ ಸಂದೇಶದಲ್ಲಿತ್ತು, ನಿಜ. ಆದರೆ ಆಮೇಲೆ ಬಂದ ಪ್ರತಿ ಖರ್ಚಿನ ಪಟ್ಟಿಯಲ್ಲೂ ಮಾದರಿ ತಾನೇ ಅದನ್ನು ಮತ್ತೆ ಮತ್ತೆ ಬರೆದಿತ್ತು. ಅಷ್ಟೂ ಪಟ್ಟಿಗಳು ಚಾಟ್‌ನಲ್ಲಿ ಹಾಗೇ ಇದ್ದವು. 12,000 ಬಂದದ್ದು ಒಂದೇ ಸಲ, ಅದೂ ಟೈಲ್ಸ್ ಬಗ್ಗೆ ಕೇಳಿದ ಉದ್ದನೆಯ ಸಂದೇಶದ ಕೊನೆಯಲ್ಲಿ, ‘ಹಾಂ, ಸಂಪ್ 12,000 ಮಾಡೋಣ’ ಎಂದು. ವಿಂಡೋದಲ್ಲಿ ಅಳಿಸುವ ರಬ್ಬರ್ ಇಲ್ಲ. ತೀರ್ಮಾನ ಬದಲಾದರೆ ಹಳೆಯದು ಹೋಗುವುದಿಲ್ಲ, ಎರಡೂ ಪಕ್ಕಪಕ್ಕ ಕೂರುತ್ತವೆ. ಯಾವುದು ಇತ್ತೀಚಿನದು ಎಂದು ಮಾದರಿ ಪ್ರತಿ ಸಲವೂ ಹೊಸದಾಗಿ ಊಹಿಸಬೇಕು. ಹೊಸ ಪಟ್ಟಿ ಬರೆಯುವಾಗ ಅದಕ್ಕೆ ಅತಿ ಹತ್ತಿರದ ನಮೂನೆ ಯಾವುದು? ಹಳೇ ಪಟ್ಟಿಗಳು. ಅದನ್ನೇ ನಕಲು ಮಾಡಿತು.

ಮಾಹಿತಿ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಸ್ಟ್ಯಾನ್‌ಫರ್ಡ್‌ನ ನೆಲ್ಸನ್ ಲಿಯು ಮತ್ತು ಸಂಗಡಿಗರು 2023ರಲ್ಲಿ ಇದನ್ನು ಅಳೆದರು. ಮಾದರಿಗೆ ಹತ್ತಿಪ್ಪತ್ತು ದಾಖಲೆ ಕೊಟ್ಟು, ಉತ್ತರವಿರುವ ಒಂದೇ ದಾಖಲೆಯ ಜಾಗವನ್ನು ಬದಲಿಸುತ್ತಾ ಹೋದರು. ಅದು ಮೊದಲಲ್ಲಿದ್ದಾಗ, ಕೊನೆಯಲ್ಲಿದ್ದಾಗ ಉತ್ತರ ಚೆನ್ನಾಗಿ ಬಂತು. ನಡುವೆ ಇದ್ದಾಗ ಕುಸಿಯಿತು. ಜಿಪಿಟಿ-3.5 ಟರ್ಬೊ ಅಂತೂ 20 ಮತ್ತು 30 ದಾಖಲೆಗಳ ಪ್ರಯೋಗದಲ್ಲಿ, ಉತ್ತರ ನಡುವೆ ಇದ್ದಾಗ, ಯಾವ ದಾಖಲೆಯನ್ನೂ ಕೊಡದೆ ಕೇಳಿದಾಗಿನದಕ್ಕಿಂತ ಕೆಳಗೆ ಹೋಯಿತು. ಆಮೇಲೆ ಬಂದ ಮಾದರಿಗಳು ಬಹಳ ಸುಧಾರಿಸಿವೆ. ದೊಡ್ಡ ಪಠ್ಯದಲ್ಲಿ ಅಡಗಿಸಿಟ್ಟ ಒಂದು ಸಾಲನ್ನು ಹುಡುಕಿಕೊಡುವ ಪರೀಕ್ಷೆಯಲ್ಲಿ ಈಗ ನೂರಕ್ಕೆ ನೂರರ ಹತ್ತಿರ ಅಂಕ ಸಿಗುತ್ತದೆ. ಆದರೆ ಆ ಪರೀಕ್ಷೆ ಸುಲಭದ್ದು. ಅಡಗಿಸಿಟ್ಟ ಸಾಲು ಸುತ್ತಲಿನ ಪಠ್ಯಕ್ಕೆ ಸಂಬಂಧವೇ ಇಲ್ಲದ್ದು, ಎದ್ದು ಕಾಣುತ್ತದೆ. ನಮ್ಮ ಚಾಟ್‌ನಲ್ಲಿ ಸಂಪ್ ಬಗ್ಗೆ ಇರುವುದು ಒಂದು ಸಾಲಲ್ಲ, ಹತ್ತಾರು. ಅದರಲ್ಲಿ ಒಂದು ಮಾತ್ರ ಸರಿ.

2025ರಲ್ಲಿ ಮೈಕ್ರೋಸಾಫ್ಟ್ ಮತ್ತು ಸೇಲ್ಸ್‌ಫೋರ್ಸ್ ಸಂಶೋಧಕರು ಮಾಡಿದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಒಂದೇ ಕೆಲಸವನ್ನು ಎರಡು ರೀತಿ ಕೊಟ್ಟರು. ಒಂದರಲ್ಲಿ ಬೇಕಾದ ವಿವರವೆಲ್ಲ ಒಂದೇ ಸಂದೇಶದಲ್ಲಿ. ಇನ್ನೊಂದರಲ್ಲಿ ಅದೇ ವಿವರ ಸುತ್ತಿಗೊಂದರಂತೆ ಬಿಡಿಬಿಡಿಯಾಗಿ, ನಾವು ಮಾತಾಡುವ ಹಾಗೆ. ಎರಡನೆಯದರಲ್ಲಿ ಫಲಿತಾಂಶ ಸರಾಸರಿ ಶೇ. 39ರಷ್ಟು ಇಳಿಯಿತು. ಈ ಸಂಭಾಷಣೆಗಳು ವಿಂಡೋ ತುಂಬುವಷ್ಟು ಉದ್ದವೇನೂ ಇರಲಿಲ್ಲ. ಹಾಗಾದರೆ ತೊಂದರೆ ಎಲ್ಲಿ? ವಿವರ ಪೂರ್ತಿ ಬರುವ ಮುಂಚೆಯೇ ಮಾದರಿ ಏನೋ ಒಂದನ್ನು ಊಹಿಸಿಕೊಂಡು ಪೂರ್ತಿ ಉತ್ತರ ಬರೆದುಬಿಡುತ್ತದೆ, ಆಮೇಲೆ ತಾನು ಬರೆದದ್ದಕ್ಕೇ ಅಂಟಿಕೊಳ್ಳುತ್ತದೆ. ಅವೇ ಬಿಡಿ ತುಂಡುಗಳನ್ನು ಒಟ್ಟು ಸೇರಿಸಿ ಒಂದೇ ಸಂದೇಶದಲ್ಲಿ ಕೊಟ್ಟಾಗ ಫಲಿತಾಂಶ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಬಂತು. ನಾವು ಮಾಡಬೇಕಾದ್ದು ಏನು ಅನ್ನುವುದಕ್ಕೆ ಇದಕ್ಕಿಂತ ನೇರ ಸುಳಿವು ಬೇಕಿಲ್ಲ.

ಚಾಟ್ ಬದಲಿಸಿ, ಪಟ್ಟಿ ಉಳಿಸಿ

ಸ್ನೇಹಿತರಿಗೆ ನಾನು ಹೇಳಿದ್ದು ಇಷ್ಟು. ತೀರ್ಮಾನಗಳನ್ನು ಚಾಟ್‌ನಲ್ಲಿ ಇಡಬೇಡಿ, ಹೊರಗೆ ಇಡಿ. ಫೋನಿನ ನೋಟ್ಸ್ ಸಾಕು. ಕತೆ ಬೇಡ, ಈ ಹೊತ್ತಿಗೆ ಏನು ನಿಜವೋ ಅಷ್ಟು ಮಾತ್ರ:

ಸೈಟ್: 30x40, ರಸ್ತೆ ಪೂರ್ವಕ್ಕೆ.
ಕೆಳಗೆ ನಾವು. ಮೇಲೆ ಬಾಡಿಗೆಗೆ.
ಮೆಟ್ಟಿಲು ಹೊರಗಿನಿಂದ ಮಾತ್ರ. ಹಾಲ್ ಒಳಗೆ ಬೇಡ, ಯಾಕೆಂದರೆ ಮೇಲೆ ಬಾಡಿಗೆಯವರು.
ಬೆಸ್ಕಾಂ ಮೀಟರ್: 2.
ಸಂಪ್: 12,000 ಲೀಟರ್.
ಇನ್ನೂ ತೀರ್ಮಾನವಾಗದ್ದು: ಟೈಲ್ಸ್ ಅಳತೆ, ಅಡುಗೆಮನೆ ಕಪಾಟು.

ಸಂಪ್ ಬದಲಾದಾಗ 8,000 ಅನ್ನು ಹೊಡೆದುಹಾಕಿ ಪಕ್ಕದಲ್ಲಿ 12,000 ಬರೆಯುವುದಲ್ಲ. ಹಳೇ ಅಂಕಿಯನ್ನು ಪೂರ್ತಿ ಅಳಿಸುವುದು. ‘ಮೊದಲು 8,000 ಇತ್ತು, ಈಗ 12,000’ ಎಂದು ಬರೆದರೂ ಎರಡು ಅಂಕಿ ಒಳಗೆ ಹೋದಂತೆ. ‘ಯಾಕೆಂದರೆ’ ಎಂಬ ಭಾಗವನ್ನು ಬಿಡಬೇಡಿ. ಬಾಡಿಗೆ ಎಂಬ ಕಾರಣ ಪಕ್ಕದಲ್ಲಿದ್ದರೆ, ನೀವು ಕೇಳದೇ ಇದ್ದ ವಿಷಯದಲ್ಲೂ, ಉದಾಹರಣೆಗೆ ಗೇಟ್ ಎಲ್ಲಿ, ನೀರಿನ ಪೈಪ್ ಬೇರೆ ಬೇಕಾ ಎಂಬಲ್ಲೂ, ಉತ್ತರ ಸರಿಯಾದ ಕಡೆ ವಾಲುತ್ತದೆ. ಕೊನೆಯ ಸಾಲೂ ಮುಖ್ಯ. ತೀರ್ಮಾನವಾಗಿಲ್ಲ ಎಂದು ಹೇಳದಿದ್ದರೆ ಅದು ತಾನೇ ತೀರ್ಮಾನ ಮಾಡಿಬಿಡುತ್ತದೆ.

ಇದು ಕೈಲಿದ್ದರೆ ಚಾಟ್ ಬದಲಿಸಲು ಹಿಂಜರಿಕೆ ಇರುವುದಿಲ್ಲ. ಕೊಟೇಶನ್ ಹೋಲಿಕೆಗೆ ಒಂದು ಚಾಟ್, ರೂಮುಗಳ ಜೋಡಣೆಗೆ ಒಂದು, ನೀರು-ಸಂಪ್‌ಗೆ ಒಂದು. ಪ್ರತಿಯೊಂದರ ಮೊದಲ ಸಂದೇಶದಲ್ಲೂ ಈ ಪಟ್ಟಿ. ಹತ್ತು ಹನ್ನೆರಡು ಸಾಲು, ಕನ್ನಡದಲ್ಲೇ ಇದ್ದರೂ ಕೆಲವೇ ನೂರು ಟೋಕನ್. ಒಂದು ಉದ್ದನೆಯ ಉತ್ತರದ ಮುಂದೆ ಅದು ಏನೂ ಅಲ್ಲ. ‘ಇಷ್ಟು ದಿನ ಮಾತಾಡಿ ಅದಕ್ಕೆ ನಮ್ಮ ಮನೆ ಚೆನ್ನಾಗಿ ಅರ್ಥವಾಗಿದೆ, ಹೊಸ ಚಾಟ್‌ಗೆ ಹೋದರೆ ಎಲ್ಲ ಹೋಗುತ್ತದಲ್ಲ’ ಎಂದು ಸ್ನೇಹಿತರು ಅಂದರು. ಈ ಭಾವನೆ ಬಹಳ ಜನಕ್ಕೆ ಇದೆ. ಅರ್ಥವಾಗಿ ಒಳಗೆ ಕೂತದ್ದು ಅಂತ ಏನೂ ಇಲ್ಲ. ಇರುವುದು ಪಠ್ಯ ಮಾತ್ರ, ಅದರಲ್ಲಿ ಮುಕ್ಕಾಲು ಪಾಲು ಕೈಬಿಟ್ಟ ಯೋಚನೆಗಳು.

ಹಳೇ ಚಾಟ್‌ನಿಂದ ಪಟ್ಟಿ ಮಾಡಿಸಿಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಎರಡು ಎಚ್ಚರ. ಜಾಗ ತುಂಬುವ ಮೊದಲೇ ಮಾಡಿಸಬೇಕು. ಕತ್ತರಿಸಿಹೋದ ಮೇಲೆ ಮಾಡಿಸಿದರೆ ಹೋದದ್ದು ಪಟ್ಟಿಯಲ್ಲೂ ಇರುವುದಿಲ್ಲ, ಇಲ್ಲ ಎಂಬ ಸೂಚನೆಯೂ ಇರುವುದಿಲ್ಲ. ಇನ್ನು ಬಂದ ಪಟ್ಟಿಯಲ್ಲಿ ಪ್ರತಿ ಅಂಕಿಯನ್ನೂ, ಪ್ರತಿ ‘ಬೇಡ’ವನ್ನೂ ನೀವೇ ಕಣ್ಣಾರೆ ನೋಡಿ ಸರಿಮಾಡಬೇಕು. ಉಳಿದದ್ದನ್ನು ಓದದೇ ಬಿಟ್ಟರೂ ನಡೆಯುತ್ತದೆ.

ಉತ್ತರ ತಪ್ಪಾಗಿ ಬಂದಾಗ ನಾವು ಮಾಡುವ ಮೊದಲ ಕೆಲಸ, ಕೆಳಗೆ ‘ಅಲ್ಲ, ಮೆಟ್ಟಿಲು ಹೊರಗೆ’ ಎಂದು ಬರೆಯುವುದು. ಅದಕ್ಕಿಂತ ನಿಮ್ಮ ಹಿಂದಿನ ಸಂದೇಶವನ್ನೇ ತಿದ್ದಿ ಮತ್ತೆ ಕಳಿಸುವುದು ಒಳ್ಳೆಯದು. ಬಹಳ ಆ್ಯಪ್‌ಗಳಲ್ಲಿ ಸಂದೇಶದ ಪಕ್ಕ ಪೆನ್ಸಿಲ್ ಗುರುತು ಇರುತ್ತದೆ. ಹಾಗೆ ತಿದ್ದಿದರೆ ಚಾಟ್ ಅಲ್ಲಿಂದ ಹೊಸ ಕವಲಾಗಿ ಮುಂದುವರಿಯುತ್ತದೆ. ತಪ್ಪು ಉತ್ತರ ಈ ಕವಲಿನಲ್ಲಿ ಇರುವುದಿಲ್ಲ, ಮಾದರಿ ಅದನ್ನು ಮತ್ತೆ ಓದುವುದೂ ಇಲ್ಲ. ಕೆಳಗೆ ಬರೆದು ತಿದ್ದಿದರೆ ತಪ್ಪು ಉತ್ತರವೂ ಉಳಿಯುತ್ತದೆ, ತಿದ್ದುಪಡಿಯೂ ಉಳಿಯುತ್ತದೆ, ಮುಂದಿನ ಸಲ ಎರಡರ ನಡುವೆ ಜಗ್ಗಾಟ. ಸುಮ್ನೆ ಒಂದು ಗುಂಡಿ ಅಂತ ಇದನ್ನು ಬಳಸದವರೇ ಜಾಸ್ತಿ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಬೇರೆಲ್ಲೂ ನನಗೆ ಕಂಡಿಲ್ಲ.

ಕೊಟೇಶನ್‌ನಂಥ ದೊಡ್ಡ ದಾಖಲೆ ಇದ್ದರೆ ದಾಖಲೆ ಮೇಲೆ, ಪಟ್ಟಿ ಮತ್ತು ಪ್ರಶ್ನೆ ಕೊನೆಯಲ್ಲಿ ಇರಲಿ. ಹೋಲಿಕೆ ಮಾಡುವ ಮೊದಲು ಸಂಬಂಧಪಟ್ಟ ಸಾಲುಗಳನ್ನು ದಾಖಲೆಯಿಂದ ಇದ್ದ ಹಾಗೇ ಎತ್ತಿ ಬರೆಸಿಕೊಳ್ಳಿ. ಎತ್ತಿದ ಸಾಲುಗಳು ಉತ್ತರದ ಪಕ್ಕದಲ್ಲೇ ಬರುವುದರಿಂದ ನಡುವೆ ಹೂತುಹೋಗುವ ತೊಂದರೆ ಕಡಿಮೆ. ಎತ್ತಿದ್ದು ಸರಿಯಾ ಎಂದು ನೀವು ನೋಡುವುದೂ ಸುಲಭ. ಕೊಟೇಶನ್ ಇಂಗ್ಲಿಷ್‌ನಲ್ಲಿದ್ದರೆ ಹಾಗೇ ಇರಲಿ, ಅದನ್ನು ಕನ್ನಡಕ್ಕೆ ತಿರುಗಿಸಿ ಹಾಕುವುದರಿಂದ ಜಾಗ ಹೋಗುತ್ತದೆ ಅಷ್ಟೇ. ಹಾಗಂತ ನಿಮ್ಮ ಮಾತನ್ನು ಇಂಗ್ಲಿಷ್‌ಗೆ ಬದಲಿಸಬೇಕಿಲ್ಲ. ಮೊದಲೇ ನೋಡಿದ ಹಾಗೆ ಜಾಗ ತಿನ್ನುವುದು ಉತ್ತರಗಳು. ‘ಬದಲಾದ ಸಾಲು ಮಾತ್ರ ಕೊಡು, ಇಡೀ ಪಟ್ಟಿ ಬೇಡ’ ಎಂದು ಹೇಳಿದರೆ ಕನ್ನಡದಲ್ಲೇ ಬೇಕಾದಷ್ಟು ದೂರ ಹೋಗಬಹುದು.

ಕೆಲವು ಆ್ಯಪ್‌ಗಳಲ್ಲಿ ‘ಮೆಮೊರಿ’ ಎಂಬ ಸೌಲಭ್ಯ ಇದೆ. ಇದು ವಿಂಡೋ ದೊಡ್ಡದು ಮಾಡುವುದಿಲ್ಲ. ನಿಮ್ಮ ಬಗ್ಗೆ ಚಿಕ್ಕ ಟಿಪ್ಪಣಿಗಳನ್ನು ಬೇರೆಡೆ ಬರೆದಿಟ್ಟುಕೊಂಡು, ಹೊಸ ಚಾಟ್ ಶುರುವಾದಾಗ ಅದೇ ವಿಂಡೋಗೆ ಸೇರಿಸುತ್ತದೆ. ಏನು ಬರೆದಿಟ್ಟಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಆಗಾಗ ನೋಡಿ, ಹಳೆಯದನ್ನು ತೆಗೆಯುತ್ತಿರಬೇಕು. ಇಲ್ಲದಿದ್ದರೆ ಚಾಟ್ ಬದಲಿಸಿದರೂ ಕೈಬಿಟ್ಟ ತೀರ್ಮಾನ ಬೆನ್ನು ಹತ್ತುತ್ತದೆ.

ನಮ್ಮೂರಲ್ಲಿ ತಮ್ಮ ಲ್ಯಾಪ್‌ಟಾಪ್‌ನಲ್ಲೇ ಮಾದರಿ ಓಡಿಸುವವರೂ ಕಮ್ಮಿಯಿಲ್ಲ. ಅವರಿಗೆ ಒಂದು ಮಾತು. ಹೀಗೆ ಓಡಿಸಲು ಬಳಸುವ ಒಲ್ಲಾಮಾ ಎಂಬ ತಂತ್ರಾಂಶದಲ್ಲಿ ಮಾದರಿಯ ಮಿತಿ 1,28,000 ಎಂದಿದ್ದರೂ, ನೀವು ಹೇಳದಿದ್ದರೆ ಅದು ಅದಕ್ಕಿಂತ ಬಹಳ ಚಿಕ್ಕ ವಿಂಡೋದಲ್ಲಿ ಓಡಬಹುದು. ಮೀರಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಮಾದರಿಯೇ ದಡ್ಡ ಅಂತ ಬೈಯುವ ಮೊದಲು ಒಲ್ಲಾಮಾದ ಚಾಟ್ ಸಾಲಿನಲ್ಲೇ ಇದನ್ನು ಟೈಪ್ ಮಾಡಿ ವಿಂಡೋ ದೊಡ್ಡದು ಮಾಡಿ ನೋಡಿ:

```
/set parameter num_ctx 16384
```

ದೊಡ್ಡ ಅಂಕಿ ಹಾಕಿದರೆ ಕಂಪ್ಯೂಟರಿನ ಮೆಮೊರಿ ಜಾಸ್ತಿ ಬೇಕು. ಮೆಟಾ ಕಂಪನಿಯ ಲಾಮಾ 3.1ರ 8ಬಿ ಮಾದರಿಯಲ್ಲಿ, ಸಾಮಾನ್ಯ 16 ಬಿಟ್ ಲೆಕ್ಕದಲ್ಲಿ, ಪ್ರತಿ ಟೋಕನ್‌ನ ಅಟೆನ್ಷನ್ ಮಾಹಿತಿ ಇಟ್ಟುಕೊಳ್ಳಲು 128 ಕೆಬಿ ಬೇಕು. 16,384 ಟೋಕನ್‌ಗೆ 2 ಜಿಬಿ, 32,768ಕ್ಕೆ 4 ಜಿಬಿ, ಪೂರ್ತಿ ವಿಂಡೋಗೆ 16 ಜಿಬಿ. ಇದು ಮಾದರಿ ತಾನೇ ಹಿಡಿಯುವ ಜಾಗ ಬಿಟ್ಟು. 4 ಬಿಟ್‌ಗೆ ಇಳಿಸಿದ ಮಾದರಿಯೇ ಸುಮಾರು 5 ಜಿಬಿ ಇರುತ್ತದೆ. 16 ಜಿಬಿ ಲ್ಯಾಪ್‌ಟಾಪ್ ಆದರೆ, ಬ್ರೌಸರ್ ಕೂಡ ತೆರೆದಿರುತ್ತದಲ್ಲ, 16,384ಕ್ಕೆ ನಿಲ್ಲಿಸುವುದೇ ವಾಸಿ.